ಗೇಟ್ ಬದಲಾಯಿತು, ಅಜ್ಜಿಗೆ ಹೇಳಿದವರು ಯಾರು?

ವಿಮಾನ ತಪ್ಪಿಸಿಕೊಂಡವರ ಕಥೆ ನೀವು ಬೇಕಾದಷ್ಟು ಕೇಳಿರ್ತೀರಿ. ಹೆಬ್ಬಾಳದಲ್ಲಿ ಟ್ರಾಫಿಕ್ಕು, ಮನೆ ಬಿಟ್ಟಿದ್ದೇ ಲೇಟು, ಆಧಾರ್ ಕಾರ್ಡ್ ಮೇಜಿನ ಮೇಲೇ ಉಳೀತು, ಹೀಗೆ ನೂರು ಕಾರಣ. ಇವತ್ತು ಹೇಳುವ ಕಥೆಯಲ್ಲಿ ಇವ್ಯಾವುದೂ ಇಲ್ಲ. ಇಲ್ಲಿ ಪ್ರಯಾಣಿಕರು ಮೂರು ಗಂಟೆ ಮೊದಲೇ ನಿಲ್ದಾಣ ತಲುಪಿದ್ದರು. ಟಿಕೆಟ್ ಸರಿಯಿತ್ತು, ಗುರುತಿನ ಚೀಟಿ ಸರಿಯಿತ್ತು, ಸೆಕ್ಯುರಿಟಿ ಮುಗಿದಿತ್ತು. ಹೇಳಿದ ಗೇಟಿನ ಮುಂದೆ, ಹೇಳಿದ ಹಾಗೆ, ಸುಮ್ಮನೆ ಕೂತಿದ್ದರು. ಕೂತಲ್ಲೇ ವಿಮಾನ ಹೋಯಿತು.

ಆ ಪ್ರಯಾಣಿಕರು ತಿಪಟೂರು ಕಡೆಯ ಒಬ್ಬ ಅಜ್ಜಿ. ವಯಸ್ಸು 68. ಕನ್ನಡ ಓದುತ್ತಾರೆ, ಬರೆಯುತ್ತಾರೆ. ಇಂಗ್ಲಿಷ್ ಬರೋದಿಲ್ಲ, ಹಿಂದಿಯೂ ಬರೋದಿಲ್ಲ. ಮಗಳು ಅಳಿಯ ಉತ್ತರ ಭಾರತದ ಒಂದು ದೊಡ್ಡ ನಗರದಲ್ಲಿದ್ದಾರೆ. ಹೋಗುವಾಗ ನೆಂಟರ ಜೊತೆ ರೈಲಿನಲ್ಲಿ ಹೋದರು. ಬರುವಾಗ ಒಬ್ಬರೇ, ವಿಮಾನದಲ್ಲಿ. ಅಂದರೆ ಜೀವಮಾನದ ಮೊದಲ ವಿಮಾನ ಹತ್ತಬೇಕಾದದ್ದು ಕನ್ನಡದ ಒಂದು ಅಕ್ಷರವೂ ಕಾಣದ ಊರಿನಲ್ಲಿ. ಆ ನಿಲ್ದಾಣದ ಹೆಸರು, ಆ ವಿಮಾನ ಸಂಸ್ಥೆಯ ಹೆಸರು ಹೇಳೋದಿಲ್ಲ. ಹೇಳಿದರೆ ನಾಳೆ ಚರ್ಚೆ ಆ ಹೆಸರಿನ ಸುತ್ತ ತಿರುಗುತ್ತದೆ. ಇದು ಯಾವ ನಿಲ್ದಾಣದಲ್ಲೂ, ಯಾವ ವಿಮಾನದಲ್ಲೂ ಆಗಬಹುದಾದ ವಿಷಯ.

ಅಜ್ಜಿ ಜೊತೆ ನಾನು ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಮೊದಲ ಮಾತೇ ಇದು: "ನಂಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ ಸ್ವಾಮಿ. ಯಾರೂ ಕೂಗ್ಲೇ ಇಲ್ಲ."

ಆ ಮಾತು ನಿಜ. ಯಾರೂ ಕೂಗಲಿಲ್ಲ. ಯಾಕೆ ಕೂಗಲಿಲ್ಲ ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ಆ ಮಧ್ಯಾಹ್ನ ಏನೇನಾಯಿತು ನೋಡೋಣ.

ಭಾನುವಾರ. ವಿಮಾನ ಹೊರಡುವುದು ಸಂಜೆ 4 ಗಂಟೆ 10 ನಿಮಿಷಕ್ಕೆ. ಅಳಿಯ ಒಂದು ಗಂಟೆ ದಾಟುವಷ್ಟರಲ್ಲಿ ಬಾಗಿಲಿನವರೆಗೆ ತಂದು ಬಿಟ್ಟರು. ಬಾಗಿಲಲ್ಲಿ ಸಿಐಎಸ್ಎಫ್ ಜವಾನರು ಟಿಕೆಟ್ಟು, ಆಧಾರ್ ನೋಡಿ ಅಜ್ಜಿಯನ್ನು ಒಳಗೆ ಬಿಟ್ಟರು. ಅಳಿಯನ ಹತ್ತಿರ ಟಿಕೆಟ್ ಇಲ್ಲ, ಅವರು ಹೊರಗೇ ಉಳಿದರು. ರೈಲ್ವೆ ಸ್ಟೇಷನ್ನಿನ ಹಾಗೆ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಸೀಟಿನವರೆಗೆ ಹೋಗಿ ಕೂರಿಸಿ ಬರೋದು ಇಲ್ಲಿ ನಡೆಯೋದಿಲ್ಲ. ನಮ್ಮ ಹಿರಿಯರಿಗೆ ವಿಮಾನ ಪ್ರಯಾಣದಲ್ಲಿ ಕಷ್ಟ ಶುರುವಾಗುವುದೇ ಆ ಬಾಗಿಲಲ್ಲಿ. ಅಲ್ಲಿಂದ ಮುಂದೆ ಮನೆಯವರು ಇಲ್ಲ.

ಒಳಗೆ ಕೌಂಟರಿನ ಹುಡುಗಿ ಒಳ್ಳೆಯವಳು ಅಂತ ಅಜ್ಜಿಯೇ ಹೇಳಿದರು. ದೊಡ್ಡ ಬ್ಯಾಗು ತೂಕ ಹಾಕಿ ತಗೊಂಡಳು, ಬೋರ್ಡಿಂಗ್ ಪಾಸ್ ಕೊಟ್ಟಳು, ಅದರಲ್ಲಿ ಗೇಟ್ ನಂಬರ್ 41ರ ಸುತ್ತ ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿದಳು. ಆಮೇಲೆ ಸೆಕ್ಯುರಿಟಿ. ಹೆಂಗಸರಿಗೆ ಬೇರೆ ಸಾಲು, ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ಅಲ್ಲಿ ಅಜ್ಜಿಯ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದುಬಿಟ್ಟರು. ಅವರ ಅತ್ತೆ ಕೊಟ್ಟಿದ್ದಂತೆ. ಕೈಚೀಲದಲ್ಲಿ ಹರಿತವಾದದ್ದು ಬಿಡೋದಿಲ್ಲ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿದ್ದರೆ ಊರಿಗೆ ಬರುತ್ತಿತ್ತು. (ಹೋಗುವಾಗ ಮಗಳಿಗೆ ಅಂತ ಒಯ್ದಿದ್ದ ಕೊಬ್ಬರಿ ರೈಲಿನಲ್ಲಿ ಆರಾಮಾಗಿ ಹೋಯಿತು. ವಿಮಾನವಾಗಿದ್ದರೆ ದೊಡ್ಡ ಬ್ಯಾಗಿನಲ್ಲೂ ಬಿಡುತ್ತಿರಲಿಲ್ಲ. ಒಣಕೊಬ್ಬರಿಯಲ್ಲಿ ಎಣ್ಣೆ ಇರೋದರಿಂದ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ತಿಪಟೂರಿನವರಿಗೆ ಈ ಸುದ್ದಿ ರುಚಿಸೋದಿಲ್ಲ, ಆದರೆ ತಿಳಿದಿರಲಿ.)

2 ಗಂಟೆ 20 ನಿಮಿಷಕ್ಕೆ ಅಜ್ಜಿ 41ನೇ ಗೇಟಿನ ಮುಂದಿನ ಕುರ್ಚಿಯಲ್ಲಿ ಕೂತರು. ಕಾಗದದಲ್ಲಿ 41, ಕಂಬದ ಮೇಲೆ 41. ಎರಡನ್ನೂ ನೋಡಿ ತಾಳೆ ಹಾಕಿದರು. ಮಗಳಿಗೆ ಫೋನ್ ಮಾಡಿ ಬಂದು ಕೂತೆ ಅಂದರು. ಮಗಳಿಗೂ ನಿಶ್ಚಿಂತೆ.

3 ಗಂಟೆ ಸುಮಾರಿಗೆ ಗೇಟ್ ಬದಲಾಯಿತು. 41 ಹೋಗಿ 28 ಆಯಿತು.

ಗೇಟ್ ಬದಲಾಗೋದು ತಪ್ಪಲ್ಲ. ಮೊದಲಿನ ವಿಮಾನ ತಡವಾಗಿ ಜಾಗ ಖಾಲಿ ಮಾಡದಿದ್ದರೆ, ಬಂದ ವಿಮಾನವನ್ನು ಬೇರೆ ಕಡೆ ನಿಲ್ಲಿಸಿದರೆ, ಗೇಟ್ ಬದಲಾಗಲೇಬೇಕು. ದೊಡ್ಡ ನಿಲ್ದಾಣಗಳಲ್ಲಿ ದಿನವೂ ನಡೆಯುವ ಕೆಲಸ. ಪ್ರಶ್ನೆ ಬದಲಾದದ್ದಲ್ಲ. ಬದಲಾಗಿದೆ ಅಂತ ಅಜ್ಜಿಗೆ ಹೇಳಬೇಕಾದವರು ಯಾರು?

ಸಂಸ್ಥೆಯವರು ಆಮೇಲೆ ಮಗಳಿಗೆ ಕೊಟ್ಟ ಉತ್ತರ: ನಾವು ಮೆಸೇಜ್ ಕಳಿಸಿದ್ದೇವೆ, ಫೋನ್ ಕೂಡ ಮಾಡಿದ್ದೇವೆ. ಇದೂ ನಿಜ, ವೀಕ್ಷಕರೇ. ಮೆಸೇಜ್ ಹೋಗಿದೆ, ಫೋನೂ ಹೋಗಿದೆ. ಯಾರಿಗೆ? ಟಿಕೆಟ್ ಬುಕ್ ಮಾಡುವಾಗ ಕೊಟ್ಟ ನಂಬರಿಗೆ. ಟಿಕೆಟ್ ಮಾಡಿಸಿದ್ದು ಅಜ್ಜಿಯ ತಮ್ಮನ ಮಗ, ತಿಪಟೂರಿನ ಒಂದು ಟ್ರಾವೆಲ್ಸ್ ಅಂಗಡಿಯಲ್ಲಿ. ಅಂಗಡಿಯವರು ರೂಢಿಯಂತೆ ತಮ್ಮ ಅಂಗಡಿಯ ನಂಬರನ್ನೇ ಹಾಕಿದ್ದರು. ಭಾನುವಾರ ಅಂಗಡಿ ಬಾಗಿಲು ಹಾಕಿತ್ತು. ಫೋನು ಮೇಜಿನ ಡ್ರಾದೊಳಗೆ ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು. ಗೇಟ್ 28 ಅನ್ನುವ ಸುದ್ದಿ ಸಾವಿರಾರು ಕಿಲೋಮೀಟರ್ ದಾಟಿ ಬಂದು ಬೀಗ ಹಾಕಿದ ಡ್ರಾದೊಳಗೆ ಮಿನುಗುತ್ತಿತ್ತು. ಅಜ್ಜಿಯ ಸೊಂಟದ ಚೀಲದಲ್ಲಿದ್ದ ಕೀಪ್ಯಾಡ್ ಫೋನು ಸುಮ್ಮನಿತ್ತು.

ಈ ಒಂದು ವಿಷಯವನ್ನು ದಯವಿಟ್ಟು ಗಮನದಲ್ಲಿಡಿ. ನಿಮ್ಮ ತಂದೆತಾಯಿಗೆ ಟಿಕೆಟ್ ಮಾಡಿಸಿದಾಗ, ಅದು ಏಜೆಂಟರ ಹತ್ತಿರ ಇರಲಿ, ನಿಮ್ಮ ಕಂಪನಿಯ ಆಪಿನಲ್ಲಿರಲಿ, ಸಂಪರ್ಕದ ನಂಬರ್ ಅನ್ನುವ ಜಾಗದಲ್ಲಿ ಯಾರ ನಂಬರಿದೆ ಅಂತ ನೋಡಿ. ಅದು ಆ ದಿನ, ಆ ಹೊತ್ತಿಗೆ, ಇಂಗ್ಲಿಷ್ ಮೆಸೇಜ್ ಓದಿ ಹಿರಿಯರಿಗೆ ತಿರುಗಿ ಫೋನ್ ಮಾಡಿ ಕನ್ನಡದಲ್ಲಿ ಹೇಳಬಲ್ಲವರ ನಂಬರಾಗಿರಬೇಕು. ಅಜ್ಜಿಯ ನಂಬರೇ ಇದ್ದರೂ ಆಗುತ್ತಿರಲಿಲ್ಲ, ಇಂಗ್ಲಿಷ್ ಮೆಸೇಜು ಅವರ ಫೋನಿಗೆ ಬಂದು ಏನು ಪ್ರಯೋಜನ? ಮಗಳ ನಂಬರಿದ್ದಿದ್ದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ತಪ್ಪು ನಂಬರಿದ್ದರೆ ಹೊರಡುವ ಮುಂಚೆ ವಿಮಾನ ಸಂಸ್ಥೆಗೆ ಫೋನ್ ಮಾಡಿ ಅಥವಾ ಕೌಂಟರಿನಲ್ಲಿ ಹೇಳಿ ಬದಲಿಸಬಹುದು.

ಈಗ ಮತ್ತೆ 41ನೇ ಗೇಟಿಗೆ ಬನ್ನಿ. ಅಲ್ಲಿ ಮೇಲಿದ್ದ ಪರದೆಯಲ್ಲಿ ಬೆಂಗಳೂರು ಹೋಗಿ ಇನ್ಯಾವುದೋ ಊರಿನ ಹೆಸರು ಬಂತು. ಇಂಗ್ಲಿಷಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ಅಜ್ಜಿಗೆ ಅವೆರಡೂ ಚಿತ್ರ ಇದ್ದ ಹಾಗೆ. 3 ಗಂಟೆ 15ರ ಹೊತ್ತಿಗೆ ಸಿಬ್ಬಂದಿ ಬಂದರು, ಜನ ಎದ್ದು ಸಾಲು ನಿಂತರು. ಪಾಸಿನಲ್ಲಿ 15:25 ಅಂತ ಬರೆದಿದ್ದನ್ನು ಅಳಿಯ ಮೂರು ಇಪ್ಪತ್ತೈದು ಅಂತ ಹೇಳಿಕೊಟ್ಟಿದ್ದರು. ಹೊತ್ತು ಸರಿಹೋಯಿತು, ಗೇಟು ಸರಿಹೋಯಿತು, ಅಜ್ಜಿಯೂ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಪಾಸನ್ನು ಮಷಿನ್ನಿಗೆ ತೋರಿಸಿದರೆ ಕೆಂಪು ದೀಪ, ಟೊಂಯ್ ಅಂತ ಸದ್ದು. ಅಲ್ಲಿದ್ದ ಯುವಕ ಪಾಸ್ ನೋಡಿ, "ಅಠ್ಠಾಯೀಸ್ ಪೆ ಜಾಯಿಯೇ ಮಾತಾಜೀ, ಅಠ್ಠಾಯೀಸ್" ಅಂದು ಕೈಯನ್ನು ಎತ್ತಲೋ ತೋರಿಸಿ ಹಿಂದಿನವರ ಪಾಸ್ ತಗೊಂಡ.

ಅಠ್ಠಾಯೀಸ್. ಇಪ್ಪತ್ತೆಂಟು. ಅಜ್ಜಿಗೆ ಅರ್ಥವಾಗಲಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ನಮ್ಮ ಹಳ್ಳಿಯ ಅಜ್ಜಿಯರಿಗೆ ಇಂಗ್ಲಿಷ್ ಬರೋದಿಲ್ಲ ಅಂತೀವಲ್ಲ, ಅಂಕಿ ಬರುತ್ತದೆ. ಫೋನ್ ನಂಬರ್ ಹೇಳಿ ಅಂದರೆ ಯಾವ ಅಜ್ಜಿಯೂ ಒಂಬತ್ತು, ಎಂಟು, ನಾಲ್ಕು ಅನ್ನೋದಿಲ್ಲ. ನೈನ್, ಎಯ್ಟ್, ಫೋರ್ ಅಂತಲೇ ಹೇಳೋದು. ಆ ಯುವಕ "ಟೂ, ಎಯ್ಟ್" ಅಂದಿದ್ದರೆ ಅಥವಾ ಪಾಸಿನ ಮೇಲೆ 28 ಅಂತ ಗೀಚಿ ಕೊಟ್ಟಿದ್ದರೆ ಅಜ್ಜಿ ಹುಡುಕಿಕೊಂಡು ಹೋಗುತ್ತಿದ್ದರು. ಅದಕ್ಕೇ ಸಿಬ್ಬಂದಿ ಏನೇ ಹೇಳಿದರೂ ಅರ್ಥವಾಗದಿದ್ದರೆ ಪಾಸನ್ನು ಮುಂದೆ ಹಿಡಿದು ಪೆನ್ನಿನಲ್ಲಿ ಬರೆಯೋ ಹಾಗೆ ಸನ್ನೆ ಮಾಡಬೇಕು. ಬರೆದು ಕೊಡದೆ ಅಲ್ಲಿಂದ ಕದಲಬಾರದು. ಒಂದು ಪೆನ್ನು ಜೇಬಿನಲ್ಲೋ ಕುಪ್ಪಸದಲ್ಲೋ ಇರಲಿ.

ಅಜ್ಜಿಗೆ ಅನ್ನಿಸಿದ್ದು, ಇನ್ನೂ ಹೊತ್ತಾಗಿಲ್ಲ, ಆಮೇಲೆ ಬಾ ಅಂದಿರಬೇಕು ಅಂತ. ಹೋಗಿ ಕೂತರು. ಕೂಗುತ್ತಾರೆ ಅಂತ ಕಾದರು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುತ್ತಾನೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಮೈಕಿನಲ್ಲಿ ಕನ್ನಡದಲ್ಲೇ ಕೂಗುತ್ತಾರೆ. 68 ವರ್ಷದ ಅನುಭವ ಹೇಳುವುದು ಅದೇ, ಗಾಡಿ ಹೊರಡೋ ಮುಂಚೆ ಯಾರಾದರೂ ಕೂಗಿಯೇ ಕೂಗುತ್ತಾರೆ.

ಆ ಟರ್ಮಿನಲ್ಲು ಸೈಲೆಂಟ್. ನಮ್ಮ ದೇಶದ ಹಲವು ದೊಡ್ಡ ನಿಲ್ದಾಣಗಳು ಈಗ ಈ ಪದ್ಧತಿಗೆ ಬಂದಿವೆ. ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಬೋರ್ಡಿಂಗ್ ಕರೆ, ಕೊನೆಯ ಕರೆ ಯಾವುದನ್ನೂ ಮಾಡೋದಿಲ್ಲ. ಪರದೆ ನೋಡಿಕೊಳ್ಳಿ, ಮೊಬೈಲ್ ನೋಡಿಕೊಳ್ಳಿ ಅಂತ. ಗದ್ದಲ ಕಡಿಮೆ, ಕೂತು ಕೆಲಸ ಮಾಡುವವರಿಗೆ ನೆಮ್ಮದಿ. ಅದನ್ನು ನಾನು ಅಲ್ಲಗಳೆಯೋದಿಲ್ಲ, ದಿನಕ್ಕೆ ನೂರು ಸಲ ಟಿಂಗ್ ಟಾಂಗ್ ಕೇಳಿದರೆ ತಲೆ ಕೆಡುತ್ತದೆ. ಆದರೆ ಪರದೆ ಅನ್ನೋದು ಓದು ಬಂದವರಿಗೆ. ಮೌನದ ಬೆಲೆ ಕಟ್ಟಿದವರು ಓದಲಾರದವರು.

2018ರ ಡಿಸೆಂಬರಿನಲ್ಲಿ ಕೇಂದ್ರ ವಿಮಾನಯಾನ ಸಚಿವಾಲಯ ಒಂದು ಸೂಚನೆ ಕೊಟ್ಟಿತ್ತು, ನಿಮಗೆ ನೆನಪಿರಬಹುದು. ನಿಲ್ದಾಣಗಳಲ್ಲಿ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ, ಆಮೇಲೆ ಇಂಗ್ಲಿಷಿನಲ್ಲಿ ಆಗಬೇಕು ಅಂತ. ಒಳ್ಳೆಯ ಸೂಚನೆ. ಆದರೆ ಅದರಲ್ಲೇ ಸೈಲೆಂಟ್ ನಿಲ್ದಾಣಗಳಿಗೆ ವಿನಾಯಿತಿ ಇತ್ತು. ಪ್ರಕಟಣೆಯೇ ಇಲ್ಲದ ಕಡೆ ಯಾವ ಭಾಷೆಯಾದರೇನು? ಇನ್ನೊಂದು ಮಾತು. ಸ್ಥಳೀಯ ಭಾಷೆ ಅಂದರೆ ನಿಲ್ದಾಣ ಇರುವ ಊರಿನ ಭಾಷೆ. ಬೆಂಗಳೂರಿನಲ್ಲಿ ಕನ್ನಡ ಸರಿ. ಉತ್ತರದ ಊರಿನಿಂದ ಬೆಂಗಳೂರಿಗೆ ಬರುವ ವಿಮಾನದ ಗೇಟಿನಲ್ಲಿ ಕನ್ನಡ ಕಡ್ಡಾಯ ಅಂತ ಆ ಸೂಚನೆ ಹೇಳೋದಿಲ್ಲ. ಹಾಗಾಗಿ ನಮ್ಮ ಹಿರಿಯರಿಗೆ ಹೋಗುವ ದಾರಿ ಸುಲಭ, ವಾಪಸ್ ಬರುವ ದಾರಿ ಕಷ್ಟ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ದಾರಿ ತೋರಿಸುವ ಬೋರ್ಡುಗಳಲ್ಲಿ ಕನ್ನಡ ಇದೆ, ವಿಮಾನಗಳ ಪಟ್ಟಿ ತೋರಿಸುವ ಪರದೆಗಳಲ್ಲೂ ಕನ್ನಡ, ಇಂಗ್ಲಿಷ್ ಎರಡೂ ಬರುತ್ತವೆ. ಟ್ರಾಲಿ ತಳ್ಳುವವರು, ಕಸ ಗುಡಿಸುವವರಲ್ಲಿ ಕನ್ನಡದವರು ಸಿಗುತ್ತಾರೆ. ಮನೆಯವರು ಮೊದಲ ಸಲ ಕಳಿಸುವಾಗ ಬಹಳ ಜಾಗ್ರತೆ ಮಾಡ್ತಾರೆ, ವಾಪಸ್ ಬರುವಾಗ ಒಮ್ಮೆ ಹೋಗಿ ಅಭ್ಯಾಸ ಆಯ್ತಲ್ಲ ಅಂತ ಬಿಟ್ಟುಬಿಡ್ತಾರೆ. ಅದು ತಿರುಗುಮುರುಗಾಗಬೇಕು.

ಕೊನೆಗೆ 4 ಗಂಟೆಗೆ ಹತ್ತು ನಿಮಿಷ ಇರುವಾಗ ಅಜ್ಜಿಗೆ ಅನುಮಾನ ಬಂತು. ಸಾಲಿನವರೆಲ್ಲ ಒಳಗೆ ಹೋಗಿ ಆಗಿತ್ತು, ತಾವೊಬ್ಬರೇ ಉಳಿದಿದ್ದರು. ನೆಲ ಒರೆಸುತ್ತಿದ್ದ ಒಬ್ಬ ಹೆಂಗಸಿಗೆ ಪಾಸ್ ತೋರಿಸಿದರು. ಆಕೆ ಬಕೆಟ್ ಅಲ್ಲೇ ಬಿಟ್ಟು ಅಜ್ಜಿಯ ಕೈ ಹಿಡಿದುಕೊಂಡು ನಡೆದಳು. ಇಡೀ ಮಧ್ಯಾಹ್ನದಲ್ಲಿ ಕೈ ತೋರಿಸಿದವರು ಹಲವರು, ಕೈ ಹಿಡಿದವಳು ಆಕೆ ಒಬ್ಬಳೇ. ಒಂದು ತುದಿಯಿಂದ ಇನ್ನೊಂದು ತುದಿ. ತಲುಪಿದಾಗ 4 ಗಂಟೆಗೆ ಎರಡು ನಿಮಿಷ. ಗೇಟ್ ಮುಚ್ಚಿದ್ದು 3 ಗಂಟೆ 45ಕ್ಕೆ. ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ ಹೊರಡುವ 25 ನಿಮಿಷ ಮೊದಲು ಗೇಟ್ ಮುಚ್ಚುತ್ತಾರೆ. ಗಾಜಿನ ಆಚೆ ವಿಮಾನ ಇನ್ನೂ ನಿಂತೇ ಇತ್ತಂತೆ. ಅಜ್ಜಿ ಹೇಳ್ತಾರೆ, "ಕಣ್ಮುಂದೇನೇ ಇತ್ತು ಸ್ವಾಮಿ. ಬಸ್ಸಾಗಿದ್ರೆ ಡಬ ಡಬ ಬಡ್ದು ನಿಲ್ಲಿಸ್ತಿದ್ದೆ."

ಅಲ್ಲಿ ಸಿಬ್ಬಂದಿಯೂ ಸುಮ್ಮನಿರಲಿಲ್ಲ, ಅದನ್ನೂ ಹೇಳಬೇಕು. ಬ್ಯಾಗ್ ಒಳಗೆ ಹೋಗಿ ಪ್ರಯಾಣಿಕರು ಹತ್ತದಿದ್ದರೆ ವಿಮಾನ ಹಾಗೇ ಬಿಡುವಂತಿಲ್ಲ, ಆ ಬ್ಯಾಗ್ ಹುಡುಕಿ ಇಳಿಸಬೇಕು. ಹಾಗಾಗಿ ಬಾರದವರನ್ನು ಅವರೂ ಹುಡುಕುತ್ತಾರೆ. ಒಬ್ಬ ಹುಡುಗ ಬೆಂಗಳೂರು, ಬೆಂಗಳೂರು ಅಂತ ಕೂಗಿಕೊಂಡು ಓಡಾಡಿದ್ದಾನೆ. 28ನೇ ಗೇಟಿನ ಸುತ್ತಮುತ್ತ. 41ನೇ ಗೇಟಿನವರೆಗೆ ಬಂದಿಲ್ಲ. ಹಳೆಯ ಗೇಟಿನ ಹತ್ತಿರ ಒಮ್ಮೆ ನೋಡಿ ಬರಬೇಕು ಅನ್ನೋದು ಅವರ ಯಾರ ತಲೆಗೂ ಹೊಳೆಯಲಿಲ್ಲವೇ? ಗೇಟ್ ಬದಲಾದಾಗ ಜನ ಉಳಿದುಹೋಗುವುದು ಹಳೆಯ ಗೇಟಿನಲ್ಲೇ ಅಲ್ಲವೇ? ಆ ಕಂಬದ ಪಕ್ಕ ಹದಿನೈದು ನಿಮಿಷ ಒಬ್ಬರನ್ನು ನಿಲ್ಲಿಸಿದರೆ ಎಷ್ಟು ಖರ್ಚು?

ದುಡ್ಡಿನ ವಿಷಯ ಹೇಳಿಬಿಡ್ತೀನಿ. ಹತ್ತದವರ ಟಿಕೆಟ್ ನೋ-ಶೋ ಲೆಕ್ಕಕ್ಕೆ ಹೋಗುತ್ತದೆ. ಮೂಲ ದರ ಹೆಚ್ಚಾಗಿ ವಾಪಸ್ ಬರೋದಿಲ್ಲ. ಸರ್ಕಾರದ ತೆರಿಗೆ, ನಿಲ್ದಾಣದ ಬಳಕೆದಾರರ ಶುಲ್ಕ ಇವನ್ನು ಮಾತ್ರ ಹಿಂದಿರುಗಿಸಲೇಬೇಕು ಅಂತ ಡಿಜಿಸಿಎ ನಿಯಮ ಇದೆ. ಕೇಳಿ ತಗೊಳ್ಳಿ. ಮಗಳು ಅದೇ ರಾತ್ರಿ 9 ಗಂಟೆ 40ರ ವಿಮಾನಕ್ಕೆ ಹೊಸ ಟಿಕೆಟ್ ಕೊಂಡರು. ಕೊನೆ ಗಳಿಗೆಯ ದರ, ಮೊದಲಿನ ಟಿಕೆಟ್ಟಿಗಿಂತ ಹೆಚ್ಚು.

ಆ ಎರಡನೇ ಟಿಕೆಟ್ಟಿನಲ್ಲಿ ಮಗಳು ಒಂದು ಕೆಲಸ ಮಾಡಿದರು. ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿ, ನಮ್ಮ ತಾಯಿಗೆ ವಯಸ್ಸಾಗಿದೆ, ಹಿಂದಿ ಇಂಗ್ಲಿಷ್ ಬರೋದಿಲ್ಲ, ಜೊತೆಗೆ ಒಬ್ಬರು ಬೇಕು ಅಂದರು. ಆ ಕಡೆಯವರು ಟಿಕೆಟ್ಟಿಗೆ ಒಂದು ಗುರುತು ಸೇರಿಸಿದರು. ವಿಮಾನ ಲೋಕದಲ್ಲಿ ಇದಕ್ಕೆ ನಾಲ್ಕಕ್ಷರದ ಸಂಕೇತ ಇದೆ: MAAS. ಭೇಟಿಯಾಗಿ ನೆರವಾಗುವುದು ಅಂತ ಅದರ ಅರ್ಥ. ವಯಸ್ಸಾದವರು, ಭಾಷೆ ಬಾರದವರು, ಮೊದಲ ಸಲ ಹಾರುವವರು, ಇಂಥವರಿಗಾಗಿ ಇರುವ ವ್ಯವಸ್ಥೆ. ಸಂಕೇತ ಟಿಕೆಟ್ಟಿನ ದಾಖಲೆಗೆ ಸೇರಿದರೆ ಕೌಂಟರಿನ ಕಂಪ್ಯೂಟರಿನಲ್ಲಿ ಅದು ಕಾಣುತ್ತದೆ. ಕೆಲವು ಕಡೆ ಉಚಿತ, ಕೆಲವು ಕಡೆ ಹಣ ಕೇಳುತ್ತಾರೆ, ಕೆಲವು ಕಡೆ ಸಿಬ್ಬಂದಿ ಇಲ್ಲ ಅನ್ನುತ್ತಾರೆ. ಹಾಗಾಗಿ ಟಿಕೆಟ್ ಮಾಡುವಾಗಲೇ ಕೇಳಬೇಕು. ವ್ಹೀಲ್‌ಚೇರಿಗೆ 48 ಗಂಟೆ ಮೊದಲು ತಿಳಿಸಬೇಕು ಅಂತ ನಿಯಮ ಇದೆ, ಇದಕ್ಕೂ ಅಷ್ಟೇ ಮೊದಲು ಹೇಳಿದರೆ ಒಳ್ಳೆಯದು. ಆ ದಿನ ಅಜ್ಜಿಗೆ ಕೆಲವೇ ಗಂಟೆಗಳಲ್ಲಿ ಸಿಕ್ಕಿತು, ಯಾವಾಗಲೂ ಸಿಗುತ್ತದೆ ಅಂತ ನಂಬಬೇಡಿ.

ವ್ಹೀಲ್‌ಚೇರ್ ಅಂದೆನಲ್ಲ, ಅಲ್ಲಿ ಒಂದು ತಮಾಷೆ ನಡೆಯುತ್ತದೆ. ಕಾಲು ಗಟ್ಟಿಯಾಗಿರುವ ಎಷ್ಟೋ ಹಿರಿಯರಿಗೆ ಮಕ್ಕಳು ವ್ಹೀಲ್‌ಚೇರ್ ಬುಕ್ ಮಾಡಿಸುತ್ತಾರೆ. ಕಾಲಿಗಾಗಿ ಅಲ್ಲ, ಕುರ್ಚಿ ತಳ್ಳುವ ಮನುಷ್ಯನಿಗಾಗಿ. ಕುರ್ಚಿಯಲ್ಲಿ ಕೂತರೆ ಸರಿಯಾದ ಗೇಟು, ಸರಿಯಾದ ಹೊತ್ತು, ಎಲ್ಲ ಅವನ ಜವಾಬ್ದಾರಿ. ಸಂಸ್ಥೆಗಳು ಇದನ್ನು ದುರುಪಯೋಗ ಅಂತ ದೂರುತ್ತವೆ. ನಿಜವಾಗಿ ನಡೆಯಲಾಗದವರು ಕುರ್ಚಿಗೆ ಕಾಯುವಂತಾಗುತ್ತದೆ ಅನ್ನೋದು ಸುಳ್ಳಲ್ಲ. ಆದರೆ ಜನ ಯಾಕೆ ಹಾಗೆ ಮಾಡ್ತಾರೆ? ಟಿಕೆಟ್ ಬುಕ್ ಮಾಡುವಾಗ ಊಟ ವೆಜ್ಜೋ ನಾನ್‌ವೆಜ್ಜೋ ಅಂತ ಕೇಳ್ತೀರಿ. ಕಿಟಕಿ ಸೀಟು ಬೇಕಾ, ಕಾಲು ಚಾಚುವ ಸೀಟು ಬೇಕಾ ಅಂತ ಕೇಳ್ತೀರಿ, ಅದಕ್ಕೆ ದುಡ್ಡೂ ತಗೊಳ್ತೀರಿ. ಈ ಪ್ರಯಾಣಿಕರಿಗೆ ಯಾವ ಭಾಷೆ ಬರುತ್ತದೆ ಅಂತ ಒಂದು ಪ್ರಶ್ನೆ ಕೇಳೋದಿಲ್ಲವಲ್ಲ? ಕೇಳಿದ್ದರೆ ಮೆಸೇಜನ್ನು ಕನ್ನಡದಲ್ಲಿ ಕಳಿಸಬಹುದಿತ್ತು. ಯಾವ ಗೇಟಿನಲ್ಲಿ ಭಾಷೆ ಬಾರದವರು ಎಷ್ಟು ಜನ ಇದ್ದಾರೆ ಅಂತ ಸಿಬ್ಬಂದಿಗೆ ಮೊದಲೇ ಗೊತ್ತಾಗುತ್ತಿತ್ತು. ಬೆಂಗಳೂರಿಗೆ ಬರುವ ಪ್ರತಿ ವಿಮಾನದ ಗೇಟಿನಲ್ಲಿ ರೆಕಾರ್ಡ್ ಮಾಡಿದ ಎರಡು ಸಾಲು ಕನ್ನಡ ಹಾಕೋದಕ್ಕೆ ಏನು ಕಷ್ಟ? ಇದು ನನ್ನ ಬೇಡಿಕೆ, ಸಂಸ್ಥೆಗಳಿಗೂ, ಸಚಿವಾಲಯಕ್ಕೂ.

ಅವರು ಮಾಡುವವರೆಗೆ ನಾವು ಕಾಯುವಂತಿಲ್ಲ. ರಾತ್ರಿಯ ಎರಡನೇ ಪ್ರಯಾಣದಲ್ಲಿ ಏನು ಬೇರೆಯಾಯಿತು ಅಂತ ಹೇಳ್ತೀನಿ, ಅದರಲ್ಲೇ ನಿಮಗೆ ಬೇಕಾದ್ದು ಇದೆ.

ಮಗಳು ಒಂದು ದಪ್ಪ ರಟ್ಟಿನ ಮೇಲೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದರು. ನನಗೆ ಕನ್ನಡ ಮಾತ್ರ ಬರುತ್ತದೆ. ಮೊದಲ ಸಲ ವಿಮಾನ ಹತ್ತುತ್ತಿದ್ದೇನೆ. ಗೇಟ್ ಬದಲಾದರೆ ದಯವಿಟ್ಟು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಇದು ನನ್ನ ಮಗಳ ಫೋನ್ ನಂಬರ್, ಅವಳಿಗೆ ಫೋನ್ ಮಾಡಿ. ಇಷ್ಟೇ. ಅದರ ಕೆಳಗೆ ವಿಮಾನದ ನಂಬರು, ದೊಡ್ಡ ಅಂಕಿಗಳಲ್ಲಿ. ಈ ವಿಮಾನದ ನಂಬರು ಮುಖ್ಯ. ಬೋರ್ಡಿಂಗ್ ಪಾಸ್ ತುಂಬ ನಂಬರುಗಳೇ. ಸೀಟಿನದೊಂದು, ಗೇಟಿನದೊಂದು, ಸರದಿಯದೊಂದು, ಹೊತ್ತಿನದೊಂದು. ಅಜ್ಜಿಯ ಮೊದಲ ಪಾಸಿನಲ್ಲಿ ಗೇಟ್ 41, ಸೀಟು 17C, ಸರದಿ 112, ಹೊತ್ತು 15:25. ಯಾವುದು ಯಾವುದೆಂದು ಓದಲಾರದವರು ಹೇಗೆ ತಿಳಿಯಬೇಕು? ಗೇಟ್ ಬದಲಾಗಬಹುದು, ಹೊತ್ತು ಬದಲಾಗಬಹುದು. ಬದಲಾಗದೇ ಉಳಿಯುವುದು ವಿಮಾನದ ನಂಬರು. ಅದು ಎರಡು ಗುರುತಿನಿಂದ ಶುರುವಾಗುತ್ತದೆ, ಏರ್ ಇಂಡಿಯಾಕ್ಕೆ AI, ಇಂಡಿಗೊಗೆ 6E, ಆಮೇಲೆ ಮೂರೋ ನಾಲ್ಕೋ ಅಂಕಿ. ಗೇಟಿನ ಪರದೆಯ ಮೇಲೆ ಆ ಅಂಕಿಗಳು ಇವೆಯಾ ಅಂತ ನೋಡಿದರೆ ಸಾಕು, ಊರಿನ ಹೆಸರು ಓದಬೇಕಿಲ್ಲ. ನಮ್ಮ ಹೆಂಗಸರು ಬಿಎಂಟಿಸಿ ಬಸ್ಸನ್ನು ನಂಬರ್ ನೋಡಿ ಹತ್ತುವುದಿಲ್ಲವೇ, ಹಾಗೇ. ಕಾಗದದ ಅಂಕಿ ಪರದೆಯಲ್ಲಿ ಕಾಣದಿದ್ದರೆ ಏನೋ ಬದಲಾಗಿದೆ ಅಂತ ಅರ್ಥ, ಆ ಕ್ಷಣ ಎದ್ದು ಕೇಳಬೇಕು.

ಯಾರನ್ನು ಕೇಳಬೇಕು? ಬಾಗಿಲಲ್ಲಿ, ತಪಾಸಣೆಯಲ್ಲಿ ಖಾಕಿ ಹಾಕಿದ ಸಿಐಎಸ್ಎಫ್‌ನವರನ್ನಲ್ಲ. ಅವರು ಭದ್ರತೆಯ ಜನ, ಗೇಟ್ ಬದಲಾದ ಸುದ್ದಿ ಅವರಿಗೆ ಬರೋದಿಲ್ಲ. ಕೇಳಬೇಕಾದ್ದು ಗೇಟಿನ ಮುಂದಿನ ಮೇಜಿನಲ್ಲಿ ನಿಲ್ಲುವ, ಕೊರಳಿಗೆ ಕಾರ್ಡ್ ನೇತುಹಾಕಿದ ವಿಮಾನ ಸಂಸ್ಥೆಯವರನ್ನು. ಯಾವ ಸಂಸ್ಥೆಯವರಾದರೂ ಸರಿ, ಅವರ ಹತ್ತಿರ ವಾಕಿಟಾಕಿ ಇರುತ್ತದೆ. ಅವರೂ ಕಾಣದಿದ್ದರೆ ನಿಲ್ದಾಣದ ಸಹಾಯ ಕೇಂದ್ರ. ಅದರ ಬೋರ್ಡು ಓದಬೇಕಿಲ್ಲ, ಗುರುತು ಹಿಡಿಯಬಹುದು: ಒಂದು ಸಣ್ಣ ಕಡ್ಡಿ, ಅದರ ತಲೆಯ ಮೇಲೆ ಒಂದು ಚುಕ್ಕಿ. ಇಂಗ್ಲಿಷಿನ i ಅಕ್ಷರ. ಜಗತ್ತಿನ ನಿಲ್ದಾಣಗಳಲ್ಲೆಲ್ಲ ಮಾಹಿತಿಗೆ ಅದೇ ಗುರುತು. ಮನೆಯಲ್ಲೇ ಒಂದು ಕಾಗದದ ಮೇಲೆ ಬರೆದು ತೋರಿಸಿ ಕಳಿಸಿ.

ರಾತ್ರಿ ಅಜ್ಜಿಯನ್ನು ಕೌಂಟರಿನಿಂದ ಒಬ್ಬ ಹುಡುಗಿ ಕರೆದುಕೊಂಡು ಹೋದಳು. ಗೇಟಿನಲ್ಲಿ ಕೂರಿಸಿ ಅವಳು ಬೇರೆ ಕೆಲಸಕ್ಕೆ ಹೋದಳು. ಇದೂ ತಿಳಿದಿರಲಿ, ಕೂರಿಸಿದವರು ಪಕ್ಕದಲ್ಲೇ ಇರೋದಿಲ್ಲ. ಹೋಗುವ ಮುಂಚೆ ಮೇಜಿನವರಿಗೆ ಹೇಳಿ ಹೋದಳು. ಅಜ್ಜಿ ಈ ಸಲ ಮೂಲೆಯಲ್ಲಿ ಕೂರಲಿಲ್ಲ, ಮೇಜಿಗೆ ಎದುರಾಗಿ ಮೊದಲ ಸಾಲಿನಲ್ಲಿ ಕೂತರು. ಅತ್ತ ಮಗಳು ಮನೆಯಿಂದಲೇ ನಿಲ್ದಾಣದ ವೆಬ್‌ಸೈಟ್ ತೆರೆದು ಹದಿನೈದು ನಿಮಿಷಕ್ಕೊಮ್ಮೆ ಗೇಟ್ ನಂಬರ್ ನೋಡುತ್ತಿದ್ದರು. ಇದನ್ನು ಯಾರು ಬೇಕಾದರೂ ಮಾಡಬಹುದು, ಟಿಕೆಟ್ ಬೇಕಿಲ್ಲ. 9 ಗಂಟೆಗೆ ಅಜ್ಜಿಗೆ ಫೋನ್ ಮಾಡಿ, ಅಮ್ಮಾ ಅದೇ ಗೇಟು, ಈಗ ಎದ್ದು ನಿಂತ್ಕೊ ಅಂದರು.

ವಿಮಾನದೊಳಗೆ ಹಿಂದಿ, ಇಂಗ್ಲಿಷಿನಲ್ಲಿ ಏನೇನೋ ಹೇಳಿದರು, ಅಜ್ಜಿ ಪಕ್ಕದವರನ್ನು ನೋಡಿ ಬೆಲ್ಟ್ ಹಾಕಿಕೊಂಡರು. ಬೆಂಗಳೂರಿನಲ್ಲಿ ಇಳಿದಾಗ ರಾತ್ರಿ ಹನ್ನೆರಡೂವರೆ. ಮಧ್ಯಾಹ್ನದ ವಿಮಾನದಿಂದ ಇಳಿಸಿದ್ದ ಬ್ಯಾಗ್ ಇದೇ ವಿಮಾನದಲ್ಲಿ ಬಂತು. ಹೊರಗೆ ತಮ್ಮನ ಮಗ ಕಾರು ತಂದಿದ್ದ.

ಆ ಟ್ರಾವೆಲ್ಸ್ ಅಂಗಡಿಯವರ ಜೊತೆಗೂ ಮಾತಾಡಿದೆ. ಅವರು ಈಗ ಟಿಕೆಟ್ ಮಾಡುವಾಗ ಕೇಳುತ್ತಿರುವ ಮೊದಲ ಪ್ರಶ್ನೆ, ಆ ದಿನ ಮನೆಯಲ್ಲಿ ಮೆಸೇಜ್ ಓದುವವರು ಯಾರು ಇರ್ತೀರಿ, ಅವರ ನಂಬರ್ ಕೊಡಿ ಅಂತ. ಅಜ್ಜಿ ಬರುವ ಯುಗಾದಿಗೆ ಮತ್ತೆ ಹೊರಟಿದ್ದಾರೆ. ಸ್ವಾಮಿ, ಈ ಸಲ ಅಡಕತ್ತರಿ ದೊಡ್ಡ ಬ್ಯಾಗಿಗೆ ಹಾಕಿದೀನಿ, ಹೊಸದು, ಅಂದರು.